ತೂಕದ ಗೆರೆಯೂ ಬಟ್ಟಲಿನ ಸರಿಯೂ



ನಮ್ಮ ದೇಶದ ಪ್ರಾಚೀನ ಬಾಲಚಿಕಿತ್ಸಾ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಫಕ್ಕವೆಂಬ ವ್ಯಾಧಿಯ ವರ್ಣನೆಯುಂಟು. ವರ್ಷ ತುಂಬಿದರೂ ತನ್ನ ಕಾಲ ಮೇಲೆ ನಡೆಯಲಾರದ, ತೋಳುತೊಡೆಗಳು ಒಣಗಿ ಹೊಟ್ಟೆಯೊಂದೇ ದೊಡ್ಡದಾಗಿ ಕಾಣುವ ಮಗುವನ್ನು ಆ ಗ್ರಂಥಕಾರನು ಕಂಡಿದ್ದನು. ಕಂಡು, ಆ ವ್ಯಾಧಿಗೆ ಮೂರು ಮೂಲಗಳನ್ನು ಹೇಳಿದನು: ಹಾಲಿನ ದೋಷದಿಂದ ಬಂದದ್ದು ಕ್ಷೀರಜ, ಬೇರೆ ರೋಗಗಳಿಂದ ಬಂದದ್ದು ವ್ಯಾಧಿಜ, ತಾಯಿಯು ಮತ್ತೆ ಗರ್ಭಿಣಿಯಾಗಿ ಮೊಲೆಹಾಲು ಬತ್ತಿದಾಗ ಮಡಿಲಿನ ಕೂಸಿಗೆ ತಗಲುವುದು ಗರ್ಭಜ. ಇದಾಗಿ ಎಷ್ಟೋ ಶತಮಾನಗಳ ತರುವಾಯ, ಈ ಗ್ರಂಥದ ಗಂಧವೂ ಇಲ್ಲದ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಮೈ ಬಾತು, ಕೂದಲು ಕೆಂಚಾಗಿ, ಚರ್ಮ ಸುಲಿದು ನರಳುತ್ತಿದ್ದ ಮಕ್ಕಳನ್ನು ಕಂಡು, ಇದನ್ನು ನೀವೇನೆಂದು ಕರೆಯುತ್ತೀರಿ ಎಂದು ಅಲ್ಲಿನ ತಾಯಂದಿರನ್ನೇ ಕೇಳಿದರು. ಗಾ ಭಾಷೆಯ ಆ ತಾಯಂದಿರು ಹೇಳಿದ ಹೆಸರು ಕ್ವಾಶಿಯೋರ್ಕರ್: ಮುಂದಿನ ಕೂಸು ಹುಟ್ಟಿದಾಗ ಮಡಿಲಿನಿಂದ ಪದಚ್ಯುತವಾದ ಕೂಸಿನ ಕಾಯಿಲೆ. 1935ರಲ್ಲಿ ವಿಲಿಯಮ್ಸ್ ಆ ಹೆಸರನ್ನೇ ವೈದ್ಯಲೋಕಕ್ಕೆ ತಂದರು. ಕಾಶ್ಯಪನ ಗರ್ಭಜ ಫಕ್ಕವನ್ನೂ ಗಾ ತಾಯಂದಿರ ಈ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ. ಕಾಲದೇಶಗಳಲ್ಲಿ ಇಷ್ಟು ದೂರದ ಇಬ್ಬರು ರೋಗದ ಮೂಲವನ್ನು ಮಗುವಿನ ದೇಹದಲ್ಲಿ ಹುಡುಕಲಿಲ್ಲ. ಮಗುವಿನ ಬಾಯಿಗೆ ಹಾಲು ನಿಂತ ಮೇಲೆ ಏನು ಬಂದಿತೆಂಬಲ್ಲಿ ಹುಡುಕಿದರು. ವಿಲಿಯಮ್ಸ್ ಕಂಡ ಆ ಮಕ್ಕಳ ಬಾಯಿಗೆ ಬಂದದ್ದು ಮುಸುಕಿನ ಜೋಳದ ಗಂಜಿ.

ಇಂದಿನ ನನ್ನ ಮಾತೆಲ್ಲವೂ ಆ ಗಂಜಿಯ ಸುತ್ತಲೇ ಇರತಕ್ಕದ್ದು. ಅದಕ್ಕೆ ಮೊದಲು ಒಂದು ಹೆಸರಿನ ತೊಡಕನ್ನು ಬಿಡಿಸಬೇಕಾಗಿದೆ. ಪ್ರೋಟೀನ್-ಶಕ್ತಿ ನ್ಯೂನಪೋಷಣೆ ಎಂದು ಪುಸ್ತಕಗಳಲ್ಲಿ ಬರೆಯುವಾಗ ಪ್ರೋಟೀನ್ ಎಂಬ ಪದವು ಮೊದಲು ಬರುತ್ತದೆ; ಮೊದಲು ಬರುವುದರಿಂದಲೇ ಅದು ಜನರ ಮನಸ್ಸಿನಲ್ಲಿಯೂ ವೈದ್ಯರ ಔಷಧಪತ್ರದಲ್ಲಿಯೂ ಅಗ್ರಸ್ಥಾನವನ್ನು ಪಡೆದುಬಿಟ್ಟಿತು. ಕ್ವಾಶಿಯೋರ್ಕರ್ ಬರುವುದು ಪ್ರೋಟೀನಿನ ಕೊರತೆಯಿಂದ, ಮೈಯೆಲ್ಲ ಒಣಗಿ ಮುದುಕನ ಮುಖವಾಗುವ ಮರಾಸ್ಮಸ್ ಬರುವುದು ಒಟ್ಟು ಆಹಾರದ ಕೊರತೆಯಿಂದ ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಕಂಠಪಾಠ ಮಾಡಿದ್ದೆವು. ಹೈದರಾಬಾದಿನಲ್ಲಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾದ ಕೇಂದ್ರದಲ್ಲಿ, ಡಾ. ಸಿ. ಗೋಪಾಲನ್ ಅವರು 1960ರ ದಶಕದಲ್ಲಿ ಒಂದೇ ಬಡ ಸಮುದಾಯದ ಮಕ್ಕಳ ಊಟವನ್ನು ಅಳೆದು ನೋಡಿದಾಗ ಈ ಅಚ್ಚುಕಟ್ಟಾದ ವಿಭಾಗವು ನಿಲ್ಲಲಿಲ್ಲ. ಮೈ ಬಾತ ಮಕ್ಕಳೂ ಒಣಗಿದ ಮಕ್ಕಳೂ ಉಣ್ಣುತ್ತಿದ್ದುದು ಒಂದೇ ಬಗೆಯ ಊಟ. ಆ ಊಟದಲ್ಲಿ ಮೊದಲು ಕಡಿಮೆಯಾಗಿದ್ದುದು ಪ್ರೋಟೀನಲ್ಲ, ಕ್ಯಾಲರಿ. ಶಕ್ತಿ ಸಾಲದ ದೇಹವು ತಿಂದ ಪ್ರೋಟೀನನ್ನೂ ಉರುವಲಾಗಿ ಸುಟ್ಟುಬಿಡುತ್ತದೆ. ಸೌದೆ ತೀರಿದ ಮನೆಯವರು ತೊಲೆಯನ್ನೇ ಕಡಿದು ಒಲೆಗಿಟ್ಟಂತೆ. ಈ ವಿಷಯವನ್ನು ತಿಳಿಯದೆ, ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಕೂಲಿಯ ಹೆಣ್ಣುಮಗಳೊಬ್ಬಳಿಗೆ ಡಬ್ಬಿಯ ಪ್ರೋಟೀನ್ ಪುಡಿಯನ್ನು ಬರೆದುಕೊಟ್ಟಿದ್ದೆನು. ಮೂರು ದಿನದ ಕೂಲಿಯನ್ನು ತೆತ್ತು ಕೊಂಡ ಆ ಡಬ್ಬಿಯನ್ನು ಅವಳು ತಿಂಗಳೆಲ್ಲ ಬರಲೆಂದು ದಿನಕ್ಕೊಂದು ಚಿಟಿಕೆಯಂತೆ ನೀರಿನಲ್ಲಿ ಕದಡಿ ಕುಡಿಸಿದಳು. ಮಗುವಿನ ತೂಕ ಏರಲಿಲ್ಲ. ಆ ತಪ್ಪು ನನ್ನದು; ಅದನ್ನು ಈ ವೇದಿಕೆಯಲ್ಲಿ ಹೇಳಲೇಬೇಕೆಂದು ತೋರಿತು.

ಇನ್ನು ಬೆಳವಣಿಗೆಯ ನಕ್ಷೆಯ ವಿಚಾರ. ನೈಜೀರಿಯದ ಇಮೆಸಿ-ಇಲೆ ಎಂಬ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಮಾರ್ಲೆ ಎಂಬ ವೈದ್ಯರು, ಮಗುವಿನ ತೂಕವನ್ನು ಆಸ್ಪತ್ರೆಯ ಬೀರುವಿನಲ್ಲಿ ಮುಚ್ಚಿಡದೆ ತಾಯಿಯ ಕೈಗೇ ಒಂದು ಕಾರ್ಡಿನಲ್ಲಿ ಬರೆದುಕೊಟ್ಟು, ಆರೋಗ್ಯದ ಹಾದಿಯೆಂದು ಅದಕ್ಕೆ ಹೆಸರಿಟ್ಟರು. ನಮ್ಮ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಪ್ರಾರಂಭವಾದಾಗ, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಅದರ ಮೊದಲ ಕ್ಷೇತ್ರವಾಯಿತು. ಅಂದಿನಿಂದ ತಕ್ಕಡಿ ಮತ್ತು ನಕ್ಷೆಗಳು ಅಂಗನವಾಡಿಯ ಅಂಗಗಳೇ ಆದುವು. ಈಗ ಬಳಕೆಯಲ್ಲಿರುವ ನಕ್ಷೆಗೆ ಆಧಾರವಾದದ್ದು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡ. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮಾನ್, ಅಮೆರಿಕ ಈ ಆರು ದೇಶಗಳ, ಎದೆಹಾಲು ಕುಡಿದು ಕೊರತೆಯಿಲ್ಲದೆ ಬೆಳೆದ ಮಕ್ಕಳನ್ನು ಅಳೆದು ಅದನ್ನು ರಚಿಸಿದರು. ನಮ್ಮ ಜನರ ಮೈಕಟ್ಟೇ ಸಣ್ಣದು, ವಿದೇಶದ ಅಳತೆ ನಮಗೇಕೆ ಎಂದು ಕೇಳುವವರಿಗೆ ಉತ್ತರವು ಅದರಲ್ಲಿಯೇ ಇದೆ: ಅಳೆಯಲ್ಪಟ್ಟವರಲ್ಲಿ ದೆಹಲಿಯ ಮಕ್ಕಳೂ ಇದ್ದರು, ಮತ್ತು ಮೊದಲ ಐದು ವರ್ಷಗಳಲ್ಲಿ, ಹೊಟ್ಟೆತುಂಬ ಉಂಡ ಮಕ್ಕಳು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಮೆ ಸಮಾನವಾಗಿಯೇ ಬೆಳೆದರು.

ಅಂಗನವಾಡಿಯ ನಕ್ಷೆಯಲ್ಲಿ ಮೂರು ಬಣ್ಣದ ಪಟ್ಟಿಗಳಿವೆಯಷ್ಟೆ. ಹಸಿರಿನಲ್ಲಿದ್ದರೆ ಸರಿ, ಹಳದಿಗಿಳಿದರೆ ತೂಕ ಕಡಿಮೆ, ಕಿತ್ತಳೆಗಿಳಿದರೆ ತೀವ್ರವಾಗಿ ಕಡಿಮೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಬಣ್ಣವನ್ನು ನೋಡುವ ಈ ಅಭ್ಯಾಸದಿಂದಲೇ ನಕ್ಷೆಯ ಮುಖ್ಯ ಮಾತು ಕೇಳದೆ ಹೋಗುತ್ತದೆ ಎಂಬುದು ನನ್ನ ಅನುಭವ. ಒಂದು ಹೆಣ್ಣುಮಗುವಿನ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಹುಟ್ಟಿದಾಗ ಅದರ ತೂಕ 2.9 ಕಿಲೋ, ಮೂರನೆಯ ತಿಂಗಳಿಗೆ 5.4, ಆರು ತುಂಬಿದಾಗ 6.8. ಆ ವಯಸ್ಸಿನ ಹೆಣ್ಣುಮಕ್ಕಳ ಮಧ್ಯಮ ತೂಕವು 7.3 ಕಿಲೋ ಆದುದರಿಂದ ಇದು ತುಸು ಕೆಳಗಿದ್ದರೂ ತನ್ನದೇ ಹಾದಿಯಲ್ಲಿ ಏರುತ್ತಿದ್ದ ಮಗು. ಏಳನೆಯ ತಿಂಗಳಲ್ಲಿ 6.9. ಎಂಟರಲ್ಲಿ 6.9. ಒಂಬತ್ತರಲ್ಲಿಯೂ 6.9. ಹಳದಿಯ ಗಡಿಯು ಒಂಬತ್ತನೆಯ ತಿಂಗಳಲ್ಲಿ 6.5 ಕಿಲೋ ಆಗಿರುವುದರಿಂದ ಚುಕ್ಕೆಯು ಹಸಿರಿನಲ್ಲಿಯೇ ಇತ್ತು, ಕಾರ್ಯಕರ್ತೆಯು ಪುಸ್ತಕದಲ್ಲಿ ‘ಸಾಮಾನ್ಯ’ವೆಂದೇ ಬರೆದಿದ್ದಳು. ಆದರೆ ಆರರಿಂದ ಒಂಬತ್ತು ತಿಂಗಳ ಒಳಗೆ ಇಂಥ ಮಗುವು ತಿಂಗಳಿಗೆ ಸುಮಾರು 300 ಗ್ರಾಮಿನಂತೆ ಏರಬೇಕಾದುದು. ಇದು ಮೂರು ತಿಂಗಳಿಗೂ ಕೂಡಿ ಏರಿದ್ದು 100 ಗ್ರಾಂ. ಗೆರೆಯು ಹೀಗೆಯೇ ಮಲಗಿದ್ದರೆ, ಹನ್ನೊಂದನೆಯ ತಿಂಗಳಿನಲ್ಲಿ ಹಳದಿಯ ಗಡಿಯೇ 6.9ಕ್ಕೆ ಏರಿಬಂದು ಅದನ್ನು ಮುಟ್ಟುತ್ತಿತ್ತು. ಮಗು ಕೆಳಗಿಳಿಯುವುದಿಲ್ಲ, ನಿಂತಲ್ಲಿಯೇ ನಿಲ್ಲುತ್ತದೆ. ವಯಸ್ಸು ಮಾತ್ರ ಮುಂದೆ ಸಾಗುತ್ತದೆ. ಹಳದಿ ಬರುವವರೆಗೆ ಕಾದವರು ನಾಲ್ಕೈದು ತಿಂಗಳನ್ನು ಕಳೆದುಕೊಂಡಂತೆಯೇ ಸರಿ. ಆದುದರಿಂದ ಚುಕ್ಕೆ ಯಾವ ಬಣ್ಣದಲ್ಲಿದೆಯೆಂಬುದಕ್ಕಿಂತ, ಹಿಂದಿನ ಎರಡು ಚುಕ್ಕೆಗಳಿಂದ ಗೆರೆ ಯಾವ ಕಡೆಗೆ ಬಂದಿದೆಯೆಂಬುದನ್ನು ಮೊದಲು ನೋಡತಕ್ಕದ್ದು.

ಗೆರೆಯನ್ನು ನಂಬಬೇಕಾದರೆ ತಕ್ಕಡಿಯನ್ನು ನಂಬುವಂತಿರಬೇಕು. ತೂಗುವ ಮೊದಲು ಜೋಲಿಯನ್ನು ತೂಗುಹಾಕಿಯೇ ಮುಳ್ಳನ್ನು ಸೊನ್ನೆಗೆ ತರದಿದ್ದರೆ, ಚಳಿಗಾಲದ ಸ್ವೆಟರು ಟೋಪಿಗಳೊಂದಿಗೆ ತೂಗಿದರೆ, 300 ಗ್ರಾಂ ಎಂಬುದು ಬಟ್ಟೆಯ ತೂಕವೇ ಆಗಿಬಿಡಬಹುದು. ವಯಸ್ಸನ್ನು ತುಂಬಿದ ತಿಂಗಳುಗಳಲ್ಲಿಯೇ ಹಿಡಿಯಬೇಕು; ‘ಒಂಬತ್ತರಲ್ಲಿ ನಡೆಯುತ್ತಿದೆ’ ಎಂದು ತಾಯಿ ಹೇಳಿದರೆ ತುಂಬಿದ್ದು ಎಂಟು. ಇವೆಲ್ಲಕ್ಕಿಂತ ಅಪಾಯಕರವಾದ ಮೋಸವೊಂದುಂಟು. ಬಾವು ಬಂದ ಮಗುವಿನ ಮೈಯಲ್ಲಿ ನೀರು ತುಂಬಿಕೊಂಡಿರುವುದರಿಂದ ತಕ್ಕಡಿಯು ಆ ನೀರನ್ನೂ ತೂಗುತ್ತದೆ. ಕ್ವಾಶಿಯೋರ್ಕರ್ ಹಿಡಿದ ಮಗು ಹಸಿರುಪಟ್ಟಿಯಲ್ಲಿಯೇ ಕುಳಿತಿರಬಹುದು, ಗುಂಡುಗುಂಡಾಗಿದೆಯೆಂದು ಬಂಧುಗಳು ಸಂತೋಷವನ್ನೂ ಪಡಬಹುದು. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಎರಡರಲ್ಲಿಯೂ ಗುಳಿ ಉಳಿದರೆ, ತಕ್ಕಡಿ ಏನು ಹೇಳಿದರೂ ಆ ಮಗು ತೀವ್ರ ನ್ಯೂನಪೋಷಣೆಯ ಮಗುವೇ.

ಮೇಲಣ ಹೆಣ್ಣುಮಗುವಿನ ಕಾಲಿನಲ್ಲಿ ಗುಳಿ ಬೀಳಲಿಲ್ಲ. ಜ್ವರ, ಭೇದಿಗಳೂ ಇರಲಿಲ್ಲ. ತಾಯಿಯು ಎದೆಹಾಲನ್ನು ಕೊಡುತ್ತಿದ್ದಳು. ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ‘ಎರಡು ಹೊತ್ತು ರಾಗಿ ಸರಿ ಕುಡಿಸ್ತೀವಿ, ಹೊಟ್ಟೆ ತುಂಬ ಕುಡೀತದೆ’ ಎಂಬ ಉತ್ತರ ಮಗುವಿನ ಅಜ್ಜಿಯಿಂದ ಬಂದಿತು. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಹೇಗೆ ಮಾಡುತ್ತೀರಿ, ತೋರಿಸಿ ಎಂದು ಕೇಳಿ ಮನೆಯ ಒಲೆಯ ಮುಂದೆ ಕುಳಿತಾಗ ಮಾತ್ರ ವಿಷಯವು ಬೆಳಕಿಗೆ ಬಂದಿತು. ಒಂದು ದೊಡ್ಡ ಚಮಚ ರಾಗಿಹಿಟ್ಟು, ಒಂದು ಲೋಟ ನೀರು, ಒಂದು ಚೂರು ಬೆಲ್ಲ. ಕಾಯಿಸಿ ಇಳಿಸಿದ ಸರಿಯನ್ನು ಒಳಲೆಯಲ್ಲಿ ಹೊಯ್ದರೆ ಅದು ಹಾಲಿನಂತೆ ಹರಿಯುತ್ತಿತ್ತು.

ಈಗ ಲೆಕ್ಕ ಹಾಕೋಣ. ಚಮಚದಲ್ಲಿದ್ದ ಹಿಟ್ಟು ಹೆಚ್ಚೆಂದರೆ 10 ಗ್ರಾಂ, ಅದರಿಂದ ಬರುವುದು ಸುಮಾರು 33 ಕ್ಯಾಲರಿ. ಬೆಲ್ಲವನ್ನು ಸೇರಿಸಿ ಎರಡು ಹೊತ್ತಿಗೂ ಕೂಡಿದರೂ ನೂರನ್ನು ಮುಟ್ಟುವುದಿಲ್ಲ. ಒಂಬತ್ತು ತಿಂಗಳ ಮಗುವಿಗೆ ಎದೆಹಾಲಿನ ಹೊರತಾಗಿ, ಮೇಲಿನ ಆಹಾರದಿಂದಲೇ ದಿನಕ್ಕೆ ಸುಮಾರು 300 ಕ್ಯಾಲರಿ ಬೇಕು. ಇನ್ನಷ್ಟು ಕುಡಿಸಬಾರದೇ ಎಂದರೆ, ಮಗುವಿನ ಜಠರವು ಸ್ಥೂಲವಾಗಿ ಕಿಲೋ ತೂಕಕ್ಕೆ 30 ಮಿಲಿಲೀಟರಿನಷ್ಟನ್ನು ಮಾತ್ರ ಹಿಡಿಯಬಲ್ಲದು. ಏಳು ಕಿಲೋ ಮಗುವಿಗೆ ಒಂದು ಲೋಟವೆಂದರೆ ಜಠರ ಪೂರ್ಣವಾಗಿ ತುಂಬಿತು. ಅಜ್ಜಿ ಹೇಳಿದ್ದು ಅಕ್ಷರಶಃ ಸತ್ಯ: ಹೊಟ್ಟೆ ತುಂಬಿತ್ತು. ತುಂಬಿದ್ದು ನೀರಿನಿಂದ. ಮಗು ಅಳಲಿಲ್ಲ, ಕೇಳಲಿಲ್ಲ, ಬೆಳೆಯಲೂ ಇಲ್ಲ. ಗೋಲ್ಡ್ ಕೋಸ್ಟಿನ ಜೋಳದ ಗಂಜಿಗೂ ಕಾವೇರಿ ಸೀಮೆಯ ಈ ರಾಗಿ ಸರಿಗೂ ಇರುವ ಸಂಬಂಧ ಇದೇ; ದೋಷವು ರಾಗಿಯದಲ್ಲ, ಜೋಳದ್ದೂ ಅಲ್ಲ, ಅದರೊಳಗಿನ ನೀರಿನದು.

ಹಾಗಾದರೆ ಹಿಟ್ಟನ್ನು ಹೆಚ್ಚಿಸಿ ಗಟ್ಟಿಯಾಗಿ ಮಾಡಿ ಎಂದು ಹೇಳಿ ಎದ್ದು ಬಂದರೆ ಸಾಲದು. ನಾನು ಹಾಗೆಂದಾಗ ಅಜ್ಜಿಯು, ‘ಗಟ್ಟಿ ಕೊಟ್ರೆ ಮಗೀಗೆ ಮಂದ ಆಯ್ತದೆ ಸ್ವಾಮಿ, ಗಂಟಲಲ್ಲಿ ಇಳಿಯಾಕಿಲ್ಲ’ ಎಂದಳು. ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. 25 ಗ್ರಾಂ ಹಸಿ ರಾಗಿಹಿಟ್ಟನ್ನು ಒಂದು ಚಿಕ್ಕ ಬಟ್ಟಲು ನೀರಿನಲ್ಲಿ ಬೇಯಿಸಿದರೆ ಅದರ ಪಿಷ್ಟವು ನೀರನ್ನೆಲ್ಲ ಹೀರಿ ಉಬ್ಬಿ ಮುದ್ದೆಯ ಹದಕ್ಕೆ ಬರುತ್ತದೆ. ಹಲ್ಲಿಲ್ಲದ ಬಾಯಿಗೆ ಅದು ಇಳಿಯದು. ಇಳಿಯಲೆಂದು ನೀರು ಬೆರೆಸಿದಳು, ನೀರು ಬೆರೆಸಿದ್ದರಿಂದ ಶಕ್ತಿ ಹೋಯಿತು. ಇಷ್ಟು ಸಣ್ಣ ಗಂಟಿನಲ್ಲಿ ಸಿಕ್ಕಿಕೊಂಡಿದ್ದ ಮನೆಯವರಿಗೆ ಗಂಟನ್ನು ಬಿಚ್ಚುವ ದಾರಿಯನ್ನು ಹೇಳದೆ ‘ಪೌಷ್ಟಿಕ ಆಹಾರ ಕೊಡಿ’ ಎಂದು ಉಪದೇಶಿಸುವುದರಿಂದ ಏನೂ ಆಗದು.

ಆ ದಾರಿಯು ಅಜ್ಜಿಯ ತವರಿನಲ್ಲಿಯೇ ಇತ್ತು. ಅದೇ ಮೊಳಕೆ ಕಟ್ಟಿದ ರಾಗಿಯ ಹುರಿಹಿಟ್ಟು. ರಾಗಿಯನ್ನು ರಾತ್ರಿಯೆಲ್ಲ ನೆನೆಹಾಕಿ, ಮರುದಿನ ಬಸಿದು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಅದನ್ನು ಒಣಗಿಸಿ, ಕೈಯಿಂದ ಉಜ್ಜಿ ಮೊಳಕೆಯನ್ನು ಬೇರ್ಪಡಿಸಿ, ಘಮ್ಮೆನ್ನುವಷ್ಟು ಮಾತ್ರ ಹುರಿದು ಬೀಸಬೇಕು. ಕಾಳು ಮೊಳೆಯುವಾಗ ತನ್ನ ಸಸಿಯನ್ನು ಪೋಷಿಸಿಕೊಳ್ಳಲು ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವವನ್ನು ಉತ್ಪತ್ತಿಮಾಡಿಕೊಳ್ಳುತ್ತದೆ. ಆ ಕಿಣ್ವವೇ ನಮ್ಮ ಸರಿಯ ಪಿಷ್ಟವನ್ನೂ ಕತ್ತರಿಸುತ್ತದೆ. ಗಟ್ಟಿಯಾಗಿ ಬೇಯಿಸಿ ಇಳಿಸಿದ ಸರಿಗೆ, ಕುದಿ ಆರಿ ಬಿಸಿಯಿರುವಾಗಲೇ, ಒಂದು ಸಣ್ಣ ಚಮಚ ಮೊಳಕೆಯ ಹಿಟ್ಟನ್ನು ಹಾಕಿ ಕದಡಿದರೆ ಕೆಲವೇ ನಿಮಿಷಗಳಲ್ಲಿ ಮುದ್ದೆಯಂತಿದ್ದುದು ನೋಡನೋಡುತ್ತಲೇ ಸಡಿಲವಾಗಿ ಚಮಚದಿಂದ ಜಾರತೊಡಗುತ್ತದೆ. ಅನಂತರ ಮತ್ತೊಮ್ಮೆ ಕುದಿಸಿ ಇಳಿಸಬೇಕು. ಒಂದು ಹನಿ ನೀರನ್ನೂ ಸೇರಿಸಲಿಲ್ಲ, ಒಂದು ಕಾಳಿನ ಶಕ್ತಿಯೂ ಹೋಗಲಿಲ್ಲ. ಇದರಲ್ಲಿ ಎಡವುವ ಸ್ಥಳಗಳು ಎರಡು. ಕಾಳನ್ನು ಕಪ್ಪಾಗುವಂತೆ ಹುರಿದರೆ ಕಿಣ್ವವು ಸತ್ತುಹೋಗುತ್ತದೆ. ಕೊತಕೊತ ಕುದಿಯುವ ಸರಿಗೆ ಹಾಕಿದರೂ ಸಾಯುತ್ತದೆ. ಹದವಾಗಿದೆಯೋ ಇಲ್ಲವೋ ಎಂಬುದಕ್ಕೆ ಬೇರೆ ಪರೀಕ್ಷೆ ಬೇಡ: ಸಡಿಲವಾಗದಿದ್ದರೆ ಕಿಣ್ವ ಉಳಿದಿಲ್ಲವೆಂದೇ ಅರ್ಥ.

ಅಜ್ಜಿಯೇ ತನ್ನ ಕೈಯಿಂದ ಕಲಸಿದಳು. ಸರಿ ಸಡಿಲವಾದುದನ್ನು ಕಂಡು, ‘ನಮ್ಮವ್ವ ಹಿಂಗೇ ಮಾಡೋಳು, ನಾವೇ ಬಿಟ್ವಿ’ ಎಂದಳು. ಮೂರು ಪಾಲು ರಾಗಿಗೆ ಒಂದು ಪಾಲು ಹೆಸರುಕಾಳನ್ನು ಹುರಿದು ಸೇರಿಸುವಂತೆ ಹೇಳಿದೆನು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ, ಬೇಳೆಕಾಳಿನಲ್ಲಿ ಅದು ಹೇರಳ, ಎರಡೂ ಕೂಡಿದಾಗ ಒಂದರ ಕುಂದನ್ನು ಇನ್ನೊಂದು ತುಂಬಿಕೊಡುತ್ತದೆ. ಹೊತ್ತಿಗೆ 25 ಗ್ರಾಂ, ಎಂದರೆ ಸುಮಾರು ಮೂರು ದೊಡ್ಡ ಚಮಚ ಹಿಟ್ಟು, ಇಳಿಸಿದ ಮೇಲೆ ಒಂದು ಸಣ್ಣ ಚಮಚ ತುಪ್ಪ, ತುಪ್ಪವಿಲ್ಲದ ಮನೆಯಲ್ಲಿ ಅಡುಗೆಯ ಎಣ್ಣೆ, ಸ್ವಲ್ಪ ಬೆಲ್ಲ. ಹಿಟ್ಟಿನಿಂದ 80ಕ್ಕೆ ಮಿಕ್ಕಿ, ತುಪ್ಪದಿಂದ 45, ಬೆಲ್ಲದಿಂದ 20ರ ಸಮೀಪ. ಅದೇ ಬಟ್ಟಲಿನಲ್ಲಿ ಈಗ 145 ಕ್ಯಾಲರಿಗಳಾದುವು. ಎರಡು ಹೊತ್ತಿಗೆ ಇಷ್ಟಾದರೆ, ಮೂರನೆಯ ಹೊತ್ತಿಗೆ ಮನೆಯವರಿಗೆ ಮಾಡಿದ ಅನ್ನಕ್ಕೇ ಖಾರ ಹಾಕುವ ಮುನ್ನ ತೆಗೆದಿಟ್ಟ ಗಟ್ಟಿ ಬೇಳೆಯನ್ನು ಕಿವುಚಿ ಕೊಟ್ಟರಾಯಿತು. ತಿನ್ನುವ ಮನೆಯವರು ಮೊಟ್ಟೆಯನ್ನು ಕೊಡಬಹುದು. ಬಾಳೆಹಣ್ಣು ಎಲ್ಲರಿಗೂ ಸಲ್ಲುತ್ತದೆ. ಬೇಳೆಯ ತಿಳಿಕಟ್ಟನ್ನು ಮಾತ್ರ ಮಗುವಿಗೆ ಕುಡಿಸಿ ಬೇಳೆಯನ್ನು ದೊಡ್ಡವರು ಉಣ್ಣುವ ಪದ್ಧತಿಯನ್ನು ಬಿಡಬೇಕು. ಕಟ್ಟಿನಲ್ಲಿರುವುದು ಬೇಳೆಯ ಬಣ್ಣವೇ ಹೊರತು ಬೇಳೆಯಲ್ಲ. ಪ್ರೋಟೀನಿಗಾಗಿ ಬೇರೆ ಚಿಂತೆ ಬೇಕಾಗಿಲ್ಲ. ಈ ಎರಡು ಬಟ್ಟಲುಗಳಲ್ಲಿಯೇ ಐದು ಗ್ರಾಮಿಗೆ ಮೀರಿದ ಪ್ರೋಟೀನ್ ತಾನಾಗಿ ಬರುತ್ತದೆ, ಎದೆಹಾಲಿನೊಂದಿಗೆ ಆ ವಯಸ್ಸಿಗೆ ಅದು ಸಾಕು. ಎದೆಹಾಲನ್ನು ಎರಡು ವರ್ಷ ತುಂಬುವವರೆಗೂ ನಿಲ್ಲಿಸತಕ್ಕದ್ದಲ್ಲ. ಭೇದಿಯೋ ಜ್ವರವೋ ಬಂದಾಗ ಊಟವನ್ನು ನಿಲ್ಲಿಸಿ ತೆಳುಗಂಜಿಗೆ ಹಿಂದಿರುಗುವುದೇ ರೂಢಿ. ಮಗು ಸೊರಗುವುದು ರೋಗದಿಂದ ಎಷ್ಟೋ ಅಷ್ಟೇ ಈ ಪಥ್ಯದಿಂದಲೂ. ರೋಗದಲ್ಲಿಯೂ ಸ್ವಲ್ಪಸ್ವಲ್ಪವಾಗಿ ತಿನ್ನಿಸುತ್ತಲೇ ಇದ್ದು, ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಾಗಿ ಕೊಡಬೇಕು.

ಇಲ್ಲಿಯವರೆಗೆ ಹೇಳಿದುದೆಲ್ಲ ಗೆರೆ ಮಲಗಿದ, ಆದರೆ ಇನ್ನೂ ಬೀಳದ ಮಗುವಿನ ಮಾತು. ಬಿದ್ದ ಮಗುವಿನ ಮಾತು ಬೇರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳನ್ನು ಸಡಿಲವಾಗಿ ಇಳಿಬಿಟ್ಟು, ಭುಜಕ್ಕೂ ಮೊಳಕೈಗೂ ನಡುವೆ ಪಟ್ಟಿ ಸುತ್ತಿ ಅಳೆದಾಗ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ, ಅಥವಾ ಪಾದಗಳಲ್ಲಿ ಗುಳಿ ಬಿದ್ದರೆ, ಮನೆಯ ಸರಿಯನ್ನೇ ನಂಬಿ ಕೂಡಬಾರದು. ಅದರಲ್ಲಿಯೂ ತಿನ್ನಲೊಲ್ಲದ, ಮಂಕಾಗಿ ಮಲಗಿದ, ಮೈ ತಣ್ಣಗಾದ ಮಗುವನ್ನು ಅಂದೇ ಆಸ್ಪತ್ರೆಗೆ, ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಕರುಣೆಯಿಂದ ಅಂಥ ಮಗುವಿಗೆ ಒಮ್ಮೆಗೇ ಹೊಟ್ಟೆತುಂಬ ತುಪ್ಪದನ್ನ ತಿನ್ನಿಸಲು ಹೋಗುವವರು ಅಪಾಯವನ್ನೇ ತಂದಾರು. ಬಹುಕಾಲ ಹಸಿದ ದೇಹವು ತನ್ನ ಎಲ್ಲ ಕೆಲಸಗಳನ್ನೂ ನಿಧಾನಗೊಳಿಸಿಕೊಂಡಿರುತ್ತದೆ, ಹೃದಯವೂ ದುರ್ಬಲವಾಗಿರುತ್ತದೆ. ಆದಕಾರಣ ಕೇಂದ್ರದಲ್ಲಿ ಮೊದಲ ದಿನಗಳು ಎರಡೆರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ, 100 ಮಿಲಿಲೀಟರಿಗೆ 75 ಕ್ಯಾಲರಿಯ ಹಾಲನ್ನು ಕೊಟ್ಟು, ಮೈ ಬೆಚ್ಚಗಿಟ್ಟು, ರಕ್ತದ ಸಕ್ಕರೆ ಇಳಿಯದಂತೆ ಕಾಯುತ್ತಾರೆ. ಹಸಿವು ಮರಳಿದ ಮೇಲೆಯೇ ಊಟವನ್ನು ಏರಿಸುತ್ತಾರೆ. ಇಷ್ಟು ಕಡಿಮೆ ಕೊಡುತ್ತಾರಲ್ಲ ಎಂದು ಬೇಸತ್ತು ನಡುವೆಯೇ ಮಗುವನ್ನು ಮನೆಗೆ ಕರೆತಂದ ತಂದೆತಾಯಿಗಳನ್ನು ನಾನು ಕಂಡಿದ್ದೇನೆ. ಆ ಕಡಿಮೆಯೇ ಚಿಕಿತ್ಸೆಯೆಂದು ಅವರಿಗೆ ಮೊದಲ ದಿನವೇ ತಿಳಿಯಹೇಳಬೇಕಾದುದು ವೈದ್ಯರ ಹೊಣೆ.

ಆ ಹೆಣ್ಣುಮಗುವಿನ ಗೆರೆಯು ಹತ್ತನೆಯ ತಿಂಗಳಿಗೆ 7.3ಕ್ಕೆ ಎದ್ದಿತು. ಹನ್ನೊಂದಕ್ಕೆ 7.6. ವರ್ಷ ತುಂಬಿದ ವಾರ ಅಂಗನವಾಡಿಯ ತಕ್ಕಡಿಯಲ್ಲಿ, ಬರಿಮೈಯಲ್ಲಿ, ಮುಳ್ಳನ್ನು ಸೊನ್ನೆಗೆ ತಂದು ತೂಗಿದಾಗ 7.9 ಕಿಲೋ ಇತ್ತು. ಸಭಾಸದರಲ್ಲಿ ಮನೆಯಲ್ಲಿ ಮಗುವಿರುವವರು ಇಂದು ಸಂಜೆ ಅದರ ಕಾರ್ಡನ್ನು ತೆಗೆದು ಕೊನೆಯ ಮೂರು ಚುಕ್ಕೆಗಳನ್ನು ನೋಡಬೇಕೆಂದೂ, ಅವು ಒಂದೇ ಮಟ್ಟದಲ್ಲಿದ್ದರೆ ಮುಂದಿನ ತಿಂಗಳಿಗೆ ಕಾಯದೆ ನಾಳೆಯೇ ಬಟ್ಟಲಿನ ಸರಿ ಎಷ್ಟು ತೆಳುವಾಗಿದೆಯೆಂದು ನೋಡಬೇಕೆಂದೂ ಕೇಳಿಕೊಳ್ಳುತ್ತೇನೆ.